ಒಂದೇ ಚೌಕ, ಮೂರು ಸಂಬಳ

ಕೆಲಸದ ಅರ್ಜಿಯಲ್ಲಿ ‘Expected CTC’ ಎಂಬ ಚೌಕವೊಂದು ಇರುತ್ತದೆ. ಪಕ್ಕದಲ್ಲಿ ಕೆಂಪು ನಕ್ಷತ್ರ. ಅಂದರೆ ಅದನ್ನು ತುಂಬದೆ ಮುಂದೆ ಹೋಗುವಂತಿಲ್ಲ. ಅಕ್ಷರ ಒತ್ತಿದರೆ ಮೂಡುವುದಿಲ್ಲ. ‘ಏಳರಿಂದ ಎಂಟು ಲಕ್ಷ’ ಎನ್ನಲು ನಡುವೆ ಗೆರೆ ಎಳೆದರೆ ಅದನ್ನೂ ಒಪ್ಪುವುದಿಲ್ಲ. ಅದಕ್ಕೆ ಬೇಕಿರುವುದು ಒಂದೇ ಒಂದು ಸಂಖ್ಯೆ. ಆ ಹುದ್ದೆಗೆ ಎಷ್ಟು ಹಣ ಇಟ್ಟಿದ್ದೇವೆ ಎಂದು ಹೇಳದ ಕಂಪನಿ, ಕೆಲಸ ಏನೆಂದೇ ಇನ್ನೂ ಪೂರ್ತಿ ತಿಳಿಯದ ಅಭ್ಯರ್ಥಿಯಿಂದ ಬೆಲೆ ಕೇಳುತ್ತದೆ.

ಈ ಚೌಕಕ್ಕೆ ಏನು ಬರೆಯಬೇಕು ಎಂಬ ಬಗ್ಗೆ ಸಲಹೆಗಳಿಗೆ ಬರವಿಲ್ಲ. ಸೊನ್ನೆ ಹಾಕು, ಫೋನ್ ಬಂದಾಗ ಮಾತಾಡು ಎನ್ನುತ್ತಾರೆ ಕೆಲವರು. ಈಗಿನ ಸಂಬಳಕ್ಕೆ ನೂರಕ್ಕೆ ಮೂವತ್ತು ಸೇರಿಸು ಎನ್ನುತ್ತಾರೆ ಇನ್ನು ಕೆಲವರು. ಮೊದಲು ಕಡಿಮೆ ಬರೆದು ಒಳಗೆ ಹೋಗು, ಆಮೇಲೆ ಏರಿಸು ಎನ್ನುವವರೂ ಇದ್ದಾರೆ. ಮೂರೂ ಸಲಹೆಗಳು ಸಂಖ್ಯೆಯ ಗಾತ್ರದ ಬಗ್ಗೆ ಮಾತಾಡುತ್ತವೆ. ಅಭ್ಯರ್ಥಿ ಸೋಲುವುದು ಅಲ್ಲಲ್ಲ. ಆ ಸಂಖ್ಯೆ ಯಾವುದನ್ನು ಅಳೆಯುತ್ತದೆ ಎಂದು ಯಾರೂ ಹೇಳದೆ ಬಿಡುವುದರಲ್ಲಿ ಆತ ಸೋಲುತ್ತಾನೆ. ಅಂಕಿ ಒಂದೇ ಇದ್ದರೂ ಪರವಾಗಿಲ್ಲ, ಅದಕ್ಕೆ ಅರ್ಥವೂ ಒಂದೇ ಇರಬೇಕು. ಆ ಅರ್ಥವನ್ನು ಕಂಪನಿ ಬರೆಯದಿದ್ದರೆ ಅಭ್ಯರ್ಥಿಯೇ ಬರೆದುಕೊಡಬೇಕು.

ಮಹಾರಾಷ್ಟ್ರದ ಎರಡು ಕೈಗಾರಿಕಾ ನಗರಗಳನ್ನು ತೆಗೆದುಕೊಂಡರೆ ವಿಷಯ ಬಿಡಿಸಿಕೊಳ್ಳುತ್ತದೆ. ಒಂದು ನಾಸಿಕ್. ಅಲ್ಲಿ ಸಾತ್ಪುರ, ಅಂಬಡ್, ಆಚೆ ಸಿನ್ನರ್ ಎಂಐಡಿಸಿಗಳಿವೆ. ಇನ್ನೊಂದು 2023ರವರೆಗೆ ಔರಂಗಾಬಾದ್ ಎಂದಿದ್ದ ಛತ್ರಪತಿ ಸಂಭಾಜಿನಗರ. ಅಲ್ಲಿ ಪಶ್ಚಿಮಕ್ಕೆ ವಾಳುಜ್, ಊರಿಗೆ ಅಂಟಿಕೊಂಡು ಚಿಕಲ್‌ಠಾಣಾ, ಪೂರ್ವಕ್ಕೆ ಶೇಂದ್ರಾ. ವಾಹನ, ಬಿಡಿಭಾಗ, ವಿದ್ಯುತ್ ಉಪಕರಣ, ಔಷಧಿ ತಯಾರಿಕೆ ಎರಡೂ ಕಡೆ ನಡೆಯುವುದರಿಂದ ಒಂದು ಊರಿನ ಗುಣಮಟ್ಟ ವಿಭಾಗದ ಇಂಜಿನಿಯರ್ ಇನ್ನೊಂದು ಊರಿನ ಅರ್ಜಿ ತುಂಬುವುದು ಸಹಜ. ಬೀದರ್, ಬೆಳಗಾವಿ, ವಿಜಯಪುರದ ಕಡೆಯಿಂದ ಡಿಪ್ಲೊಮಾ, ಬಿಇ ಮುಗಿಸಿ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಹೋದವರಿಗೂ ಇದೇ ಚೌಕ ಎದುರಾಗುತ್ತದೆ.

ಲೆಕ್ಕ ಹಾಕಿ ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳಬಹುದು. ಬೀದರ್ ಕಡೆಯ ಒಬ್ಬ ಇಂಜಿನಿಯರ್, ಆರು ವರ್ಷದ ಅನುಭವ, ವಾಳುಜ್‌ನಲ್ಲಿ ಕೆಲಸ. ಈಗಿನ ಸಿಟಿಸಿ ವರ್ಷಕ್ಕೆ 6 ಲಕ್ಷ. ಅಂಬಡ್‌ನ ಕಾರ್ಖಾನೆಯೊಂದಕ್ಕೆ ಅರ್ಜಿ ಹಾಕುತ್ತಿದ್ದಾನೆ.

ಸಿಟಿಸಿ ಎಂದರೆ ನೌಕರನೊಬ್ಬನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ. ಅದು ಸಂಬಳವಲ್ಲ. 6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 50,000. ಇದರಲ್ಲಿ ಮೂಲವೇತನ 25,000 ಎಂದಿಟ್ಟುಕೊಂಡರೆ, ಅದರ ನೂರಕ್ಕೆ 12ರಂತೆ ಕಂಪನಿ ತನ್ನ ಪಾಲಿನ ಪಿಎಫ್ ಆಗಿ 3,000 ರೂಪಾಯಿಯನ್ನು ಇದರೊಳಗೇ ಲೆಕ್ಕ ಹಿಡಿದಿರುತ್ತದೆ. ಗ್ರಾಚ್ಯುಟಿ ಎಂದು ಮೂಲವೇತನದ ನೂರಕ್ಕೆ 4.81ರಷ್ಟು, ಅಂದರೆ ಸುಮಾರು 1,203 ರೂಪಾಯಿ. ವರ್ಷದ ಕೊನೆಗೆ ಕೊಡಬಹುದಾದ ವೇರಿಯಬಲ್ 36,000 ಇದ್ದರೆ ತಿಂಗಳ ಲೆಕ್ಕಕ್ಕೆ ಇನ್ನೊಂದು 3,000. ಇಷ್ಟೂ ಕಳೆದರೆ ಉಳಿಯುವ ಒಟ್ಟು ಮಾಸಿಕ ವೇತನ 42,797. ಅದರಿಂದ ನೌಕರನ ಪಾಲಿನ ಪಿಎಫ್ 3,000, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಮುರಿದ ಮೇಲೆ ಬ್ಯಾಂಕಿಗೆ ಬರುವುದು 39,597. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಆದಾಯಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ, ಇಲ್ಲದಿದ್ದರೆ ಅದೂ ಇಲ್ಲಿಗೆ ಬರುತ್ತಿತ್ತು.

ಹೀಗೆ ಒಂದೇ ಕೆಲಸಕ್ಕೆ ಮೂರು ಅಂಕಿಗಳಾದವು. ಸಿಟಿಸಿ 50,000, ಒಟ್ಟು ವೇತನ 42,797, ಕೈಗೆ 39,597. ಮೂರನ್ನೂ ಜನ ‘ಸಂಬಳ’ ಎಂದೇ ಕರೆಯುತ್ತಾರೆ. ಚೌಕದ ಮೇಲೆ ಕೆಲವು ಅರ್ಜಿಗಳಲ್ಲಿ ಸಿಟಿಸಿ ಎಂದಿರುತ್ತದೆ, ಕೆಲವದರಲ್ಲಿ ಬರೀ ‘ಸ್ಯಾಲರಿ’. ಸಿಟಿಸಿ ಎಂದಿದ್ದರೂ ಅದರಲ್ಲಿ ವೇರಿಯಬಲ್ ಸೇರಿದೆಯೋ ಇಲ್ಲವೋ ಹೇಳಿರುವುದಿಲ್ಲ. ಅಳತೆಗೋಲನ್ನು ಮುಚ್ಚಿಟ್ಟುಕೊಂಡು ಅಳತೆ ಹೇಳು ಎನ್ನುವ ಅಂಗಡಿಯಲ್ಲಿ ಯಾರೂ ಬಟ್ಟೆ ಕೊಳ್ಳುವುದಿಲ್ಲ. ಕೆಲಸಕ್ಕೆ ಸೇರುವವರು ಮಾತ್ರ ಅದನ್ನು ಒಪ್ಪಿಕೊಳ್ಳಬೇಕು ಎಂಬುದು ಈಗಿನ ರೂಢಿ.

ಇನ್ನು ‘ಮೂವತ್ತು ಸೇರಿಸು’ ಎಂಬ ಸೂತ್ರವನ್ನು ಈ ಇಂಜಿನಿಯರ್ ಪಾಲಿಸಿದ ಎನ್ನೋಣ. 6 ಲಕ್ಷಕ್ಕೆ ನೂರಕ್ಕೆ ಮೂವತ್ತು ಸೇರಿಸಿದರೆ 7.8 ಲಕ್ಷ. ಅದನ್ನೇ ಬರೆಯುತ್ತಾನೆ, ಕಂಪನಿಯೂ ಒಪ್ಪುತ್ತದೆ. ಆಫರ್ ಪತ್ರ ಬಂದಾಗ 7.8ರಲ್ಲಿ ನೂರಕ್ಕೆ ಹತ್ತು, ಅಂದರೆ 78,000, ವೇರಿಯಬಲ್ ಎಂದಿರುತ್ತದೆ. ಉಳಿದ 7.02 ಲಕ್ಷ ಸ್ಥಿರ ಮೊತ್ತ, ತಿಂಗಳಿಗೆ 58,500. ಮೂಲವೇತನ ಅದರ ಅರ್ಧವಾದರೆ ಪಿಎಫ್ ಎರಡು ಪಾಲು, ಗ್ರಾಚ್ಯುಟಿ, ವೃತ್ತಿ ತೆರಿಗೆ ಹೋಗಿ ಕೈಗೆ 49,873. ಹತ್ತು ಸಾವಿರ ಹೆಚ್ಚಾಯಿತಲ್ಲ ಎನಿಸುತ್ತದೆ.

ಆದರೆ ವಾಳುಜ್‌ನಲ್ಲಿ ಆತನಿಗೆ ಕಂಪನಿಯ ಬಸ್ ಇತ್ತು, ರಿಯಾಯಿತಿ ದರದ ಕ್ಯಾಂಟೀನ್ ಊಟ ಇತ್ತು. ಅವು ಸಿಟಿಸಿ ಕಾಗದದಲ್ಲಿ ಕಾಣಿಸುತ್ತಿರಲಿಲ್ಲ. ಹೊಸ ಜಾಗದಲ್ಲಿ ಎರಡೂ ಇಲ್ಲ. ಪೆಟ್ರೋಲಿಗೆ 2,500, ಊಟಕ್ಕೆ 1,500, ಮನೆ ಬಾಡಿಗೆ ಹೆಚ್ಚಳ 4,000 ಎಂದು ಹಿಡಿದರೆ ತಿಂಗಳಿಗೆ 8,000 ಹೊಸ ಖರ್ಚು. ಈಗಿನ ಬದುಕು ಹೀಗೇ ಮುಂದುವರಿಯಲು ಕೈಗೆ 47,597 ಬರಲೇಬೇಕು. ಬರುವುದು 49,873. ನೂರಕ್ಕೆ ಮೂವತ್ತು ಎಂದು ಹೊರಟ ಏರಿಕೆ ತಿಂಗಳಿಗೆ 2,276 ರೂಪಾಯಿಗೆ ಬಂದು ನಿಂತಿತು. ಅಷ್ಟಕ್ಕೆ ನಾಲ್ಕು ಗಂಟೆ ದಾರಿಯ ಊರು ಬದಲಿಸಿದಂತಾಯಿತು. ವರ್ಷದ ಕೊನೆಯ ವೇರಿಯಬಲ್ ಪೂರ್ತಿ ಬಂದರೆ ಸಂತೋಷ. ಆದರೆ ಮನೆ ಮಾಲೀಕ ಬಾಡಿಗೆಗಾಗಿ ಮಾರ್ಚ್‌ವರೆಗೆ ಕಾಯುವುದಿಲ್ಲ.

ಇದೇ ಲೆಕ್ಕವನ್ನು ಆತ ಹಿಂದಿನಿಂದ ಮುಂದಕ್ಕೆ ಮಾಡಬೇಕಿತ್ತು, ಅಂದರೆ ಕೈಗೆ ಬರಬೇಕಾದ ಹಣದಿಂದ ಚೌಕದ ಕಡೆಗೆ. ಬದುಕು ಹಾಗೇ ಸಾಗಲು 47,600. ಊರು ಬಿಡುವುದಕ್ಕೆ ಅರ್ಥ ಬರಬೇಕಾದರೆ ಇನ್ನೂ 8,000 ಬೇಕು ಎಂದು ಆತ ತೀರ್ಮಾನಿಸಿದರೆ ಕೈಗೆ 55,600. ಮೂಲವೇತನ ಅರ್ಧವಿದ್ದು ಅದರ ಪೂರ್ತಿ ಮೊತ್ತದ ಮೇಲೆ ಪಿಎಫ್ ಕಟ್ಟುವ ಕಂಪನಿಯಲ್ಲಿ, ಸ್ಥಿರ ಸಿಟಿಸಿಯ ನೂರಕ್ಕೆ 85ರಿಂದ 86ರಷ್ಟು ಕೈಗೆ ಬರುತ್ತದೆ. ಹಾಗೆ ತಿರುಗಿಸಿ ನೋಡಿದರೆ ತಿಂಗಳಿಗೆ ಸುಮಾರು 65,200, ವರ್ಷಕ್ಕೆ 7.82 ಲಕ್ಷ. ಸ್ವಲ್ಪ ಮೇಲಕ್ಕೆ ಸರಿಸಿ 7.85 ಲಕ್ಷ ಎನ್ನಬಹುದು. ಇದು ಸ್ಥಿರ ಮೊತ್ತ. ಕಂಪನಿ ನೂರಕ್ಕೆ ಹತ್ತು ವೇರಿಯಬಲ್ ಇಡುವುದಾದರೆ ಅದೇ ಬದುಕಿಗೆ ಚೌಕದಲ್ಲಿ ಬರೆಯಬೇಕಾದದ್ದು ಸುಮಾರು 8.72 ಲಕ್ಷ.

ಇಲ್ಲೊಂದು ವಿಷಯ ಗಮನಿಸಬೇಕು. ಸೂತ್ರ ಕೊಟ್ಟ 7.8 ಲಕ್ಷಕ್ಕೂ ಲೆಕ್ಕ ಕೊಟ್ಟ 7.85 ಲಕ್ಷಕ್ಕೂ ಬಹಳ ಅಂತರವಿಲ್ಲ. ಸಂಖ್ಯೆ ಹೆಚ್ಚೂಕಡಿಮೆ ಒಂದೇ. ಒಂದು ಅರ್ಥದಲ್ಲಿ ಓದಿದರೆ ಆತನಿಗೆ ತಿಂಗಳಿಗೆ 8,000 ಉಳಿಯುತ್ತದೆ, ಇನ್ನೊಂದು ಅರ್ಥದಲ್ಲಿ ಓದಿದರೆ 2,276 ಉಳಿಯುತ್ತದೆ. ಚೌಕದೊಳಗೆ ಎಷ್ಟು ಬರೆಯಬೇಕು ಎಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುವವರು, ಅದರ ಹೊರಗೆ ಒಂದು ಸಾಲು ಬರೆಯುವುದನ್ನು ಮರೆಯುತ್ತಾರೆ.

ಆ ಸಾಲು ಕಷ್ಟದ್ದೇನಲ್ಲ. ಅರ್ಜಿಯಲ್ಲಿ ಅಕ್ಷರ ಹಿಡಿಸುವ ಬೇರೆ ಯಾವುದಾದರೂ ಜಾಗ ಇದ್ದರೆ ಅಲ್ಲಿ, ಇಲ್ಲದಿದ್ದರೆ ರೆಸ್ಯೂಮೆಯ ಕೊನೆಯಲ್ಲಿ, ರಿಕ್ರೂಟರ್ ವಿಳಾಸ ಸಿಕ್ಕರೆ ಅದೇ ದಿನ ಒಂದು ಮೇಲ್‌ನಲ್ಲಿ ಹೀಗೆ ಹೇಳಬೇಕು: ‘ಅರ್ಜಿಯಲ್ಲಿ ಬರೆದಿರುವ 7,85,000 ವಾರ್ಷಿಕ ಸ್ಥಿರ ಸಿಟಿಸಿ. ವೇರಿಯಬಲ್ ಇದರಲ್ಲಿ ಸೇರಿಲ್ಲ. ಕೆಲಸ ಅಂಬಡ್‌ನಲ್ಲಿ, ಬಸ್ ಮತ್ತು ಕ್ಯಾಂಟೀನ್ ಇಲ್ಲ ಎಂದುಕೊಂಡು ಹೇಳಿದ ಮೊತ್ತ.’ ಇಷ್ಟು ಬರೆದವನು ಹಟ ಹಿಡಿದಂತಾಗುವುದಿಲ್ಲ. ಬಸ್ ಇದ್ದರೆ ಮೊತ್ತ ಬದಲಾಗಬಹುದು ಎಂದೂ ಅದೇ ಸಾಲು ಹೇಳುತ್ತದೆ. ಮುಂದೆ ಫೋನಿನಲ್ಲಿ ‘ನೆಗೋಷಿಯಬಲ್ ತಾನೆ?’ ಎಂದು ಕೇಳಿದಾಗ ಹಿಡಿದುಕೊಳ್ಳಲು ಒಂದು ಕಂಬ ಇರುತ್ತದೆ. ಆಗಿನ ಉತ್ತರವೂ ಸರಳ: ‘ಮೇಡಂ, ಈ ಹುದ್ದೆಗೆ ಇಟ್ಟಿರುವುದು ಎಷ್ಟು, ಅದರಲ್ಲಿ ಸ್ಥಿರ ಎಷ್ಟು ಎಂದು ಹೇಳಿದರೆ ನಾನೂ ನೇರವಾಗಿ ಹೇಳುತ್ತೇನೆ.’

ಸ್ಥಳದ ಹೆಸರನ್ನು ಆ ಸಾಲಿನಲ್ಲಿ ಸೇರಿಸುವುದಕ್ಕೂ ಕಾರಣವಿದೆ. ಅರ್ಜಿಯ ಪಟ್ಟಿಯಲ್ಲಿ ‘ನಾಸಿಕ್’ ಎಂದಷ್ಟೇ ಇರುತ್ತದೆ. ಕಾರ್ಖಾನೆ ಊರೊಳಗಿನ ಸಾತ್ಪುರದಲ್ಲೂ ಇರಬಹುದು, ಪುಣೆ ರಸ್ತೆಯಲ್ಲಿ ದೂರದ ಸಿನ್ನರ್‌ನಲ್ಲೂ ಇರಬಹುದು. ಸಂಭಾಜಿನಗರದಲ್ಲೂ ಇದೇ ಕಥೆ. ವಾಳುಜ್ ಬಳಿ ಮನೆ ಮಾಡಿದವನಿಗೆ ಶೇಂದ್ರಾದಲ್ಲಿ ಕೆಲಸ ಎಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಾ ಓಡಾಟ. ಕಂಪನಿ ಬಸ್ಸಿನ ಬೆಲೆ ಆಗ ತಿಳಿಯುತ್ತದೆ.

ಇನ್ನು ಸಂಖ್ಯೆಯನ್ನೇ ತಪ್ಪಾಗಿ ಒತ್ತುವ ಅಪಾಯವೂ ಇದೆ. ಕೆಲವು ಚೌಕಗಳು ಲಕ್ಷದಲ್ಲಿ ಕೇಳುತ್ತವೆ, ಕೆಲವು ರೂಪಾಯಿಯಲ್ಲಿ, ಕಾರ್ಖಾನೆಗಳ ಕೆಲವು ಅರ್ಜಿಗಳು ತಿಂಗಳ ಲೆಕ್ಕದಲ್ಲಿ. ರೂಪಾಯಿ ಕೇಳುವಲ್ಲಿ `7.85` ಎಂದು ಬರೆದರೆ ಏಳು ರೂಪಾಯಿ ಕೇಳಿದಂತೆ. ಲಕ್ಷ ಕೇಳುವಲ್ಲಿ `785000` ಎಂದರೆ ಯಾವ ಶೋಧನೆಯಲ್ಲೂ ಹೆಸರು ಮೇಲೆ ಬರುವುದಿಲ್ಲ. ಚೌಕದೊಳಗೆ ಮಸುಕಾಗಿ ಕಾಣುವ ಮಾದರಿ ಅಂಕಿಯನ್ನು ನೋಡಿದರೆ, ಅಥವಾ ಪಕ್ಕದ ಈಗಿನ ಸಂಬಳದ ಚೌಕದಲ್ಲಿ ಏನು ಹಿಡಿಸುತ್ತದೆ ಎಂದು ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಹಾಗಾದರೆ ಕಡಿಮೆ ಬರೆದು ಒಳಹೋಗುವ ಉಪಾಯ? ಅದು ಏಕೆ ಕೆಲಸ ಮಾಡುವುದಿಲ್ಲ ಎಂದರೆ, ಆ ಸಂಖ್ಯೆ ಆಚೆ ಕಡೆ ಎರಡು ಕೆಲಸ ಮಾಡುತ್ತದೆ. ರಿಕ್ರೂಟರ್ ಬಳಿ ಒಂದು ಹಾಳೆ ಇರುತ್ತದೆ: ಹೆಸರು, ಅನುಭವ, ಈಗಿನ ಸಿಟಿಸಿ, ಬಯಸುವ ಸಿಟಿಸಿ, ನೋಟಿಸ್ ಅವಧಿ, ಊರು. ಮೊದಲು ಆ ಸಂಖ್ಯೆ ಬಾಗಿಲಾಗುತ್ತದೆ. ಬಜೆಟ್‌ಗಿಂತ ಮೇಲಿದ್ದವರನ್ನು ಪಕ್ಕಕ್ಕೆ ಸರಿಸುತ್ತದೆ. ಬಾಗಿಲು ದಾಟಿದ ಮೇಲೆ ಅದೇ ಸಂಖ್ಯೆ ಸೂರಾಗುತ್ತದೆ. ಅಭ್ಯರ್ಥಿಯೇ ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಮ್ಯಾನೇಜರ್ ಬಳಿ ಕಾರಣ ಉಳಿದಿರುವುದಿಲ್ಲ. ಕನಿಷ್ಠ ಬರೆದವನಿಗೆ ಕನಿಷ್ಠವೇ ಗರಿಷ್ಠ. ಆಮೇಲೆ ಏರಿಸಲು ಹೋದರೆ ಮಾತು ತಪ್ಪಿದವನು ಎಂಬ ಹೆಸರು, ಏಕೆಂದರೆ ಬರೆದದ್ದು ಹಾಳೆಯಲ್ಲಿ ಹಾಗೇ ಇರುತ್ತದೆ.

ಇದೇ ಕಾರಣಕ್ಕೆ, ಏಳರಿಂದ ಎಂಟು ಎಂದು ಬರೆಯಲು ಬಿಡದ ಚೌಕವನ್ನು ಅದೊಂದಕ್ಕೆ ಬೈಯಬೇಕಿಲ್ಲ. ವ್ಯಾಪ್ತಿ ಕೊಟ್ಟರೆ ಕೊಳ್ಳುವವನ ಕಣ್ಣು ಕೆಳಗಿನ ಅಂಕಿಯ ಮೇಲೆಯೇ ಬೀಳುತ್ತದೆ. ಹಾಗಾಗಿ ಚೌಕಕ್ಕೆ ಹೋಗಬೇಕಾದದ್ದು ಗುರಿಯ ಅಂಕಿ, 7.85. ಬದುಕು ಹಾಗೇ ಸಾಗುವ ಕನಿಷ್ಠದ ಅಂಕಿ ಅಭ್ಯರ್ಥಿಯ ಪುಸ್ತಕದಲ್ಲಿ ಇರಬೇಕು. ಗುರಿ ಬಜೆಟ್‌ಗಿಂತ ಬಹಳ ಮೇಲಿದ್ದು ಅರ್ಜಿ ಬಿದ್ದುಹೋದರೆ, ನಾಲ್ಕು ಸುತ್ತಿನ ಸಂದರ್ಶನ, ಎರಡು ದಿನದ ರಜೆ ಉಳಿದವು.

ಸೊನ್ನೆ ಬರೆಯುವುದು ಧೈರ್ಯದ ಕೆಲಸದಂತೆ ಕಾಣುತ್ತದೆ. ಕಂಪನಿಯೇ ಹುಡುಕಿಕೊಂಡು ಬಂದ ಪರಿಣತನಿಗೆ ಅದು ನಡೆದೀತು. ಒಂದೇ ಹುದ್ದೆಗೆ ಬಹಳ ಅರ್ಜಿ ಬರುವ ಕಡೆ ಸೊನ್ನೆ ಎಂದರೆ ಉತ್ತರ ಕೊಡದವನು ಎಂದಷ್ಟೇ ಅರ್ಥ. ಕೆಲವು ತಂತ್ರಾಂಶಗಳು ಸೊನ್ನೆಯನ್ನು ಸ್ವೀಕರಿಸುವುದೂ ಇಲ್ಲ.

ಗುರಿ ಬರೆಯುವ ಮಾತು ಕೈಯಲ್ಲಿ ಕೆಲಸ ಇರುವವರಿಗೆ ಸುಲಭ. ಕೆಲಸ ಹೋಗಿ ಮೂರು ತಿಂಗಳಾದವರು, ಮಗುವಿಗಾಗಿ ಬಿಟ್ಟು ಮತ್ತೆ ಬರುತ್ತಿರುವ ಮಹಿಳೆಯರು ಗುರಿಯನ್ನು ಕನಿಷ್ಠದ ಹತ್ತಿರಕ್ಕೆ ಇಳಿಸಬೇಕಾಗಬಹುದು. ಅದರಲ್ಲಿ ಅವಮಾನವಿಲ್ಲ. ಆದರೆ ಅಂಕಿ ಇಳಿಸಿದಾಗಲೂ ಅರ್ಥ ಬಿಟ್ಟುಕೊಡಬಾರದು. ಕಡಿಮೆ ಸಂಬಳದವರಿಗೆ ಸ್ಥಿರ ಮತ್ತು ವೇರಿಯಬಲ್‌ಗಳ ವ್ಯತ್ಯಾಸ ಇನ್ನೂ ಹೆಚ್ಚು ಚುಚ್ಚುತ್ತದೆ.

ಈ ಲೆಕ್ಕದಲ್ಲಿ ಪ್ರತಿ ಕಂಪನಿಯಲ್ಲೂ ಬದಲಾಗುವ ಭಾಗಗಳಿವೆ. ಕೆಲವು ಕಂಪನಿಗಳು ಪಿಎಫ್ ಅನ್ನು ಕಾನೂನಿನ ಮಿತಿಯಾದ 15,000 ರೂಪಾಯಿ ವೇತನದ ಮೇಲಷ್ಟೇ, ಅಂದರೆ ತಲಾ 1,800 ಮಾತ್ರ ಕಟ್ಟುತ್ತವೆ. ಹಾಗಾದರೆ ಮೇಲಿನ 65,200ರ ಲೆಕ್ಕದಲ್ಲಿ ಕೈಗೆ ಸುಮಾರು 4,200 ಹೆಚ್ಚು ಬರುತ್ತದೆ. ಪಿಎಫ್ ಖಾತೆಗೆ ಅಷ್ಟೇ ಕಡಿಮೆ ಹೋಗುತ್ತದೆ. ಹಣ ಜಾಗ ಬದಲಿಸಿತೇ ಹೊರತು ಹೆಚ್ಚಾಗಲಿಲ್ಲ. ಗ್ರಾಚ್ಯುಟಿ ಕಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷ ಪೂರೈಸಿದ ಮೇಲೆ ಮಾತ್ರ ಸಿಗುತ್ತದೆ. ಮೂರು ವರ್ಷಕ್ಕೆ ಬಿಟ್ಟು ಹೋಗುವವನ ಸಿಟಿಸಿಯಲ್ಲಿ ಅದು ಬರೀ ಕಾಗದದ ಮೇಲಿನ ಹಣ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವನ್ನು ‘ವೇತನ’ಕ್ಕೆ ಸೇರಿಸಿ ಲೆಕ್ಕ ಹಾಕಬೇಕು. ಮೂಲವೇತನವನ್ನು ಸಣ್ಣದಾಗಿಟ್ಟು ಭತ್ಯೆ ಉಬ್ಬಿಸುತ್ತಿದ್ದ ಕಡೆ ಗ್ರಾಚ್ಯುಟಿಯ ಪಾಲು ಹಿಗ್ಗುತ್ತದೆ. ಹಾಗಾಗಿ ಗೆಳೆಯನ ಹಳೆಯ ಆಫರ್ ಪತ್ರವನ್ನು ನೋಡಿ ಅಂದಾಜು ಮಾಡಿದರೆ ಲೆಕ್ಕ ತಪ್ಪುತ್ತದೆ.

ರಿಕ್ರೂಟರ್‌ಗಳ ವಾದವನ್ನೂ ಕೇಳಬೇಕು. ಅರ್ಜಿಗಳು ರಾಶಿ ಬೀಳುತ್ತವೆ, ಬಜೆಟ್ ಮೀರಿದವರನ್ನು ಸಂದರ್ಶನದವರೆಗೆ ಕರೆದರೆ ಎಲ್ಲರ ಸಮಯವೂ ಹಾಳು, ಒಂದು ಸಂಖ್ಯೆ ಇದ್ದರೆ ವಿಂಗಡಿಸುವುದು ಸುಲಭ ಎನ್ನುತ್ತಾರೆ. ಸಮಯ ಉಳಿಸುವ ಆಸೆ ನ್ಯಾಯವೇ. ಆದರೆ ಅದಕ್ಕೆ ಇನ್ನೂ ಸುಲಭದ ದಾರಿ ಅವರ ಕೈಯಲ್ಲೇ ಇದೆ. ಬಜೆಟ್ ಅವರಿಗೆ ಮೊದಲೇ ಗೊತ್ತು. ಅದನ್ನು ಜಾಹೀರಾತಿನಲ್ಲಿ ಅಚ್ಚು ಹಾಕಿದರೆ ಅಭ್ಯರ್ಥಿಗಳು ತಾವೇ ವಿಂಗಡಿಸಿಕೊಳ್ಳುತ್ತಾರೆ. ಅಳತೆ ಹೇಳದೆ ಪಡೆದ ಸಂಖ್ಯೆಯಿಂದ ವಿಂಗಡಿಸಿದ ಹಾಳೆಯಲ್ಲಿ, ಒಬ್ಬನು ಸ್ಥಿರ ಮೊತ್ತ ಬರೆದಿರುತ್ತಾನೆ, ಪಕ್ಕದವನು ವೇರಿಯಬಲ್ ಸೇರಿಸಿ ಬರೆದಿರುತ್ತಾನೆ. ಒಂದೇ ಸಾಲಿನಲ್ಲಿ ಸೇರನ್ನೂ ಕಿಲೋವನ್ನೂ ಕೂಡಿಸಿದ ಲೆಕ್ಕ ಅದು. ಆಫರ್ ಕೈಗೆ ಬಂದ ಮೇಲೆ ಅಭ್ಯರ್ಥಿ ಬರುವುದಿಲ್ಲ ಎಂದಾಗ ಹಾಳಾಗುವ ಸಮಯ ರಿಕ್ರೂಟರ್‌ನದೇ.

ಮೊತ್ತ ಮೊದಲೇ ಹೇಳಿದರೆ ವ್ಯವಹಾರ ನಡೆಯುವುದಿಲ್ಲ ಎಂಬುದಕ್ಕೆ ಉತ್ತರ ನಾಸಿಕ್ ಪಕ್ಕದಲ್ಲೇ ಇದೆ. ಓಝರ್‌ನಲ್ಲಿ ಯುದ್ಧ ವಿಮಾನ ಕಟ್ಟುವ ಎಚ್‌ಎಎಲ್‌ನ ಪ್ರಧಾನ ಕಚೇರಿ ಬೆಂಗಳೂರು. ಅಂಥ ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಪ್ರಕಟಣೆಯಲ್ಲಿ ಹುದ್ದೆಯ ಎದುರು ವೇತನ ಶ್ರೇಣಿ ಅಚ್ಚಾಗಿರುತ್ತದೆ. ಕೇಂದ್ರ ಸರ್ಕಾರದ ಲೆವೆಲ್ 6 ಎಂದರೆ 35,400ರಿಂದ 1,12,400 ಎಂದು ಪರೀಕ್ಷೆಗೆ ಓದುವ ಹುಡುಗನಿಗೂ ಗೊತ್ತು. ಅಲ್ಲಿ ಚೌಕಾಸಿ ಇಲ್ಲ, ಖಾಸಗಿಯವರಿಗೆ ಅಷ್ಟು ಬಿಗಿ ಬೇಡ ಎನ್ನಬಹುದು. ಆದರೆ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ ಖಾಸಗಿ ಕಂಪನಿಗಳೂ ಜಾಹೀರಾತಿನಲ್ಲಿ ಸಂಬಳದ ವ್ಯಾಪ್ತಿ ಹಾಕಲೇಬೇಕು. ಯುರೋಪಿಯನ್ ಒಕ್ಕೂಟದ 2023ರ ನಿರ್ದೇಶನ, ಆರಂಭದ ವೇತನ ಅಥವಾ ಅದರ ವ್ಯಾಪ್ತಿಯನ್ನು ಅಭ್ಯರ್ಥಿಗೆ ಮುಂಚಿತವಾಗಿ ತಿಳಿಸಬೇಕು, ಹಳೆಯ ಸಂಬಳ ಕೇಳಬಾರದು ಎನ್ನುತ್ತದೆ. ಅದನ್ನು ಸದಸ್ಯ ದೇಶಗಳು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಜೂನ್ 7.

ಹಳೆಯ ಸಂಬಳ ಕೇಳಬಾರದು ಎಂಬ ಮಾತಿನ ತೂಕ ವಾಳುಜ್‌ನಂಥ ಕಡೆ ಚೆನ್ನಾಗಿ ಅರ್ಥವಾಗುತ್ತದೆ. ಟ್ರೇನಿಯಾಗಿ ಅಗ್ಗಕ್ಕೆ ಸೇರಿದ ಹುಡುಗ ಮುಂದೆ ಎಲ್ಲಿ ಹೋದರೂ ಆ ಮೊದಲ ಸಂಬಳಕ್ಕೆ ನೂರಕ್ಕೆ ಇಷ್ಟು ಎಂಬ ಲೆಕ್ಕವೇ ಬೆನ್ನು ಹತ್ತುತ್ತದೆ. ಹತ್ತು ವರ್ಷದ ಕೆಲಸ ಕಲಿತ ಮೇಲೂ ಆತನ ಬೆಲೆಯನ್ನು ನಿರ್ಧರಿಸುವುದು ಇಪ್ಪತ್ತೊಂದನೇ ವಯಸ್ಸಿನ ಅಸಹಾಯಕತೆ. ಪಕ್ಕಪಕ್ಕದಲ್ಲಿರುವ ಆ ಎರಡು ಚೌಕಗಳು, ಈಗಿನ ಸಂಬಳ ಮತ್ತು ಬಯಸುವ ಸಂಬಳ, ಒಟ್ಟಿಗೆ ಮಾಡುವ ಕೆಲಸ ಇದೇ.

ಭಾರತದಲ್ಲಿ ಖಾಸಗಿ ಕಂಪನಿಗಳು ಜಾಹೀರಾತಿನಲ್ಲಿ ಸಂಬಳ ಹೇಳಲೇಬೇಕು ಎನ್ನುವ ಅಂಥ ಕಾನೂನು ಇಲ್ಲ. ಬರುವವರೆಗೆ ಚೌಕ ಹೀಗೇ ಇರುತ್ತದೆ, ತುಂಬಲೂ ಬೇಕು. ಚೌಕದಲ್ಲಿ 7,85,000 ಬರೆದು, ಅದು ವೇರಿಯಬಲ್ ಹೊರತಾದ ಸ್ಥಿರ ಮೊತ್ತ ಎಂದು ಪಕ್ಕದಲ್ಲೋ ಮೇಲ್‌ನಲ್ಲೋ ಹೇಳಿದವನಿಗೆ ಆಫರ್ ಪತ್ರ ಬಂದ ದಿನ ಹೋಲಿಸಿ ನೋಡಲು ತನ್ನದೇ ಮಾತು ಇರುತ್ತದೆ. ಬರೀ 7,80,000 ಬರೆದು ಬಿಟ್ಟವನಿಗೆ ಆ ಅಂಕಿಯ ಅರ್ಥವನ್ನು ಕಂಪನಿ ಹೇಳುತ್ತದೆ. ಅದು ತಿಂಗಳಿಗೆ 2,276 ಎಂದು ಆತನಿಗೆ ತಿಳಿಯುವುದು ನಾಸಿಕ್‌ನಲ್ಲಿ ಮನೆಗೆ ಡಿಪಾಸಿಟ್ ಕಟ್ಟಿದ ಮೇಲೆ.